ಡೆಮೊ ಮುಗಿದ ಮರುದಿನದ ಇಮೇಲ್: ಶಿರಸಿಯ ಅಡಿಕೆ ಸಂಘವೊಂದರ ಪ್ರಕರಣ

ಇಲ್ಲಿ ಎತ್ತಿಕೊಂಡಿರುವುದು ಮಾದರಿ ಪ್ರಕರಣ. ಶಿರಸಿಯ ಒಂದು ಸಹಕಾರಿ ಸಂಘ ತನ್ನ ಸದಸ್ಯರ ಅಡಿಕೆಯನ್ನು ಟೆಂಡರಿನಲ್ಲಿ ವಿಕ್ರಿ ಮಾಡಿಸುತ್ತದೆ. ತೂಕ, ಲಾಟ್, ಟೆಂಡರ್ ದರ, ಸದಸ್ಯರ ಕೈಗೆ ಕೊಡುವ ವಿಕ್ರಿಯ ಬಿಲ್ಲು ಅಂದರೆ ಪಟ್ಟಿ, ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರುವ ಆಲೋಚನೆ ಸಂಘದ್ದು. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು 2025ರ ಆಗಸ್ಟ್ 12ರ ಮಂಗಳವಾರ ಸಂಘದ ಕಚೇರಿಗೇ ಬಂದು ಡೆಮೊ ತೋರಿಸಿತು. ಕೂತವರು ನಾಲ್ವರು: ಮುಖ್ಯ ಕಾರ್ಯನಿರ್ವಾಹಕರು, ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ವಿಕ್ರಿ ಅಂಗಳದ ಮೇಲ್ವಿಚಾರಕರು ಮತ್ತು ಒಬ್ಬ ನಿರ್ದೇಶಕರು. ಎರಡು ತಾಸಿನ ಡೆಮೊ ಚೆನ್ನಾಗಿಯೇ ಆಯಿತು. ಮರುದಿನ ಕಳಿಸಬೇಕಾದ ಇಮೇಲ್ ಹೇಗಿರಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಒಂದು ಸಂಗತಿ ಇತ್ಯರ್ಥವಾಗಬೇಕು. ಈ ಇಮೇಲ್ ಯಾರಿಗೆ? ವಿಳಾಸದಲ್ಲಿ ಮುಖ್ಯ ಕಾರ್ಯನಿರ್ವಾಹಕರ ಹೆಸರಿದೆ, ಆದರೆ ತೀರ್ಮಾನ ಅವರದಲ್ಲ, ಆಡಳಿತ ಮಂಡಳಿಯದು. ಮಂಡಳಿಯ ನಿರ್ದೇಶಕರಲ್ಲಿ ಡೆಮೊ ಕಂಡವರು ಒಬ್ಬರು ಮಾತ್ರ. ಉಳಿದವರ ಕೈಗೆ ಹೋಗುವುದು ಸಭೆಯ ಕಡತದಲ್ಲಿ ಪಿನ್ ಹೊಡೆದ ಒಂದು ಪ್ರಿಂಟ್, ಅದಕ್ಕೂ ಮೊದಲು ವಾಟ್ಸಾಪಿನಲ್ಲಿ ದಾಟಿ ಬಂದ ನಾಲ್ಕು ಸಾಲು. ಹಾಗಾಗಿ ಡೆಮೊ ನೋಡದವರು ಓದಿದರೂ ಸಂಗತಿ ತಿಳಿಯುವಂತೆ ಇಮೇಲ್ ಇರಬೇಕು. ನೋಡಿದವರಿಗೆ ಮಾತ್ರ ಅರ್ಥವಾಗುವ "ನಿನ್ನೆ ತೋರಿಸಿದ ಆ ಸ್ಕ್ರೀನ್" ಎಂಬಂಥ ಮಾತಿಗೆ ಮಂಡಳಿಯ ಮೇಜಿನ ಮೇಲೆ ಬೆಲೆಯಿಲ್ಲ.

ಸಾಮಾನ್ಯವಾಗಿ ಹೋಗುವ ಇಮೇಲ್ ಯಾವುದೆಂದು ಎಲ್ಲರಿಗೂ ಗೊತ್ತು. ಈ ಪ್ರಕರಣದಲ್ಲೂ ಮೊದಲ ಕರಡು ಅದೇ ಆಗಿತ್ತು:

"ಮಾನ್ಯರೇ, ನಿನ್ನೆ ತಮ್ಮ ಅಮೂಲ್ಯ ಸಮಯ ನೀಡಿದ್ದಕ್ಕೆ ಧನ್ಯವಾದಗಳು. ನಮ್ಮ ತಂತ್ರಾಂಶ ತಮ್ಮ ಎಲ್ಲ ಅಗತ್ಯಗಳನ್ನೂ ಪೂರೈಸುತ್ತದೆ ಎಂಬ ವಿಶ್ವಾಸವಿದೆ. ಕಿರುಹೊತ್ತಿಗೆ ಲಗತ್ತಿಸಿದೆ. ಸಂದೇಹಗಳಿದ್ದರೆ ತಿಳಿಸಿ. ತಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇವೆ."

ಇದರಲ್ಲಿ ಸುಳ್ಳು ಒಂದೇ ಒಂದು, "ಎಲ್ಲ ಅಗತ್ಯಗಳನ್ನೂ" ಎಂಬುದು. ಟೆಂಡರಿನಲ್ಲಿ ಬಂದ ದರ ಸದಸ್ಯರಿಗೆ ಒಪ್ಪಿಗೆಯಾಗದಿದ್ದರೆ ಲಾಟ್ ಮುಂದಿನ ಟೆಂಡರಿಗೆ ಉಳಿಯಬೇಕು. ಡೆಮೊದಲ್ಲಿ ತಂತ್ರಾಂಶ ಅತಿ ಹೆಚ್ಚಿನ ದರ ಕಂಡ ಕೂಡಲೇ ಲಾಟನ್ನು ಮುಚ್ಚಿಬಿಟ್ಟಿತು. ಮೇಲ್ವಿಚಾರಕರು ಅಲ್ಲೇ ಅದನ್ನು ಎತ್ತಿ ಹೇಳಿದ್ದರು. ಅವರು ಈ ಸಾಲು ಓದಿದರೆ, ತಮ್ಮ ಮಾತು ಯಾರೂ ಬರೆದುಕೊಂಡಿಲ್ಲ ಅಂತಲೇ ತಿಳಿಯುತ್ತಾರೆ. ಇನ್ನು ಉತ್ತರದ ನಿರೀಕ್ಷೆ: ಯಾವ ಪ್ರಶ್ನೆಗೆ ಉತ್ತರ, ಯಾವ ದಿನದೊಳಗೆ ಎಂದು ಕೇಳಿಯೇ ಇಲ್ಲ. ಇಂಥ ಇಮೇಲಿಗೆ ಉತ್ತರ ಬಾರದಿದ್ದರೆ ಅದು ಸಂಘದವರ ಅಸಡ್ಡೆಯಲ್ಲ.

ಇಮೇಲಿನ ಸರಕು ಸಿಗುವುದು ಡೆಮೊದ ಕೊನೆಯ ಹತ್ತು ನಿಮಿಷದಲ್ಲಿ

ಕಂಪನಿಯಿಂದ ಬಂದವರು ಇಬ್ಬರು. ಒಬ್ಬರು ತೋರಿಸುವವರು, ಇನ್ನೊಬ್ಬರ ಕೆಲಸ ಬರೆದುಕೊಳ್ಳುವುದು ಮಾತ್ರ. ತೋರಿಸುವವರೇ ಬರೆಯುತ್ತೇನೆ ಎಂದು ಹೊರಟರೆ ತಮಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳು ನೆನಪಿರುತ್ತವೆ, ಉತ್ತರ ಗೊತ್ತಿಲ್ಲದವು ಜಾರಿಹೋಗುತ್ತವೆ. ಇಮೇಲಿಗೆ ಬೇಕಾದ್ದು ಎರಡನೆಯ ಬಗೆಯವೇ.

ಬರೆದುಕೊಂಡವರು ಡೆಮೊದ ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿಸಿ ತಮ್ಮ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು. ಅಗತ್ಯ ಇದು, ಇದು ಕಾಣಲಿಲ್ಲ, ಇದನ್ನು ನಾವು ಮಾಡಿ ತರುತ್ತೇವೆ, ಇದನ್ನು ನೀವು ಕೊಡಬೇಕು, ಮಂಡಳಿಯ ಸಭೆ ಯಾವತ್ತು. ಓದುವಾಗಲೇ ಲೆಕ್ಕಪತ್ರ ಮುಖ್ಯಸ್ಥರು ಎರಡು ಕಡೆ ತಡೆದರು. ಒಂದು, ಹಂಗಾಮಿನ ಲಾಟುಗಳ ಸಂಖ್ಯೆ. ಕಂಪನಿಯವರು ದಿನಕ್ಕೆ 200 ಎಂದು ಬರೆದುಕೊಂಡಿದ್ದರು, ಅವರು 300 ಎಂದು ತಿದ್ದಿದರು. ಇನ್ನೊಂದು, ಮುಂಗಡ ಕಡಿತವನ್ನು ಪಟ್ಟಿಯಲ್ಲೇ ತೋರಿಸಬೇಕು, ಬೇರೆ ಚೀಟಿಯಲ್ಲಲ್ಲ. ಕೋಣೆಯಲ್ಲಿ ಓದಿ ಒಪ್ಪಿಸಿದ್ದನ್ನು ಮಾತ್ರ "ಒಪ್ಪಿದ್ದು" ಎಂದು ಇಮೇಲಿನಲ್ಲಿ ಬರೆಯಬಹುದು. ನಮ್ಮ ಕಡೆ ಎದುರಿಗೆ ಕೂತವರ ಮುಖ ನೋಡಿ ಇಲ್ಲ ಎನ್ನುವುದು ಕಡಿಮೆ. ಚಹಾ ಕುಡಿಯುತ್ತ ತಲೆಯಾಡಿಸಿದ್ದನ್ನೆಲ್ಲ ಒಪ್ಪಂದ ಎಂದು ಬರೆದು ಕಳಿಸಿದರೆ, ಅವರು ಜಗಳಕ್ಕೂ ಬರುವುದಿಲ್ಲ, ಫೋನನ್ನೂ ಎತ್ತುವುದಿಲ್ಲ.

ಕಳಿಸಿದ ಇಮೇಲ್

ಬುಧವಾರ, ಆಗಸ್ಟ್ 13ರ ಬೆಳಿಗ್ಗೆ ಹೋದದ್ದು ಇದು. ಶುಕ್ರವಾರ ಸ್ವಾತಂತ್ರ್ಯ ದಿನದ ರಜೆ, ಶನಿವಾರ ಕೃಷ್ಣಾಷ್ಟಮಿ. ಬುಧವಾರ ತಪ್ಪಿದರೆ ಓದುವುದು ಮುಂದಿನ ವಾರಕ್ಕೆ ಎಂಬ ಲೆಕ್ಕ.

ವಿಷಯ: ಆಗಸ್ಟ್ 12ರ ಡೆಮೊ: ಅಗತ್ಯಗಳು, ಮುಂದಿನ ಕೆಲಸ, ಸೆಪ್ಟೆಂಬರ್ 13ರ ಸಭೆ

ಮಾನ್ಯ ಮುಖ್ಯ ಕಾರ್ಯನಿರ್ವಾಹಕರಿಗೆ ನಮಸ್ಕಾರ.

ನಿನ್ನೆ ಸಂಘದ ಕಚೇರಿಯಲ್ಲಿ ಅಡಿಕೆ ವಿಕ್ರಿ ತಂತ್ರಾಂಶದ ಡೆಮೊ ನಡೆಯಿತು. ಕೊನೆಯಲ್ಲಿ ಎಲ್ಲರೆದುರು ಓದಿದ ಟಿಪ್ಪಣಿ ಕೆಳಗಿದೆ. ತಪ್ಪು ಕಂಡಲ್ಲಿ ಆ ಸಾಲಿನ ಸಂಖ್ಯೆ ಹಾಕಿ ಆಗಸ್ಟ್ 18, ಸೋಮವಾರದೊಳಗೆ ತಿಳಿಸಬೇಕಾಗಿ ವಿನಂತಿ. 19ರಿಂದ ಇದನ್ನೇ ಹಿಡಿದು ಕೆಲಸ ಶುರುಮಾಡುತ್ತೇವೆ.

ಸಂಘಕ್ಕೆ ಬೇಕಾದ್ದು

1. ಹಂಗಾಮಿನಲ್ಲಿ ದಿನಕ್ಕೆ ಸುಮಾರು 300 ಲಾಟ್. ಟೆಂಡರ್ ಮುಗಿಯುವುದು 3.30ಕ್ಕೆ, ಪಟ್ಟಿ ಕೈಗೆ ಸಿಗುವುದು 7ಕ್ಕೆ. ಸಂಜೆ 5ರೊಳಗೆ ಸಿಗಬೇಕು. ಡೆಮೊದಲ್ಲಿ 10 ಲಾಟಿನ ದರ ನಮೂದಿಸಿ ಪಟ್ಟಿ ಮುದ್ರಿಸಲು 6 ನಿಮಿಷ ಹಿಡಿಯಿತು. ಈ ಲೆಕ್ಕದಲ್ಲಿ ಇಬ್ಬರು ನಿರ್ವಾಹಕರಿದ್ದರೆ 5ಕ್ಕೆ ಮುಗಿಯುತ್ತದೆ, ಒಬ್ಬರೇ ಇದ್ದರೆ 6.30.

2. ದರ ಒಪ್ಪದ ಸದಸ್ಯರ ಲಾಟ್ ಅದೇ ಸಂಖ್ಯೆಯಲ್ಲಿ ಮುಂದಿನ ಟೆಂಡರಿಗೆ ಉಳಿಯಬೇಕು. ಇದು ಈಗ ತಂತ್ರಾಂಶದಲ್ಲಿ ಇಲ್ಲ. (ಸಾಲು 7 ನೋಡಿ.)

3. ತೂಕ ಯಂತ್ರದಿಂದ ನೇರ ಬರಬೇಕು, ಪುಸ್ತಕದಿಂದ ನೋಡಿ ಮತ್ತೆ ಟೈಪ್ ಮಾಡುವುದು ತಪ್ಪಬೇಕು. ಸಂಘದಲ್ಲಿ 3 ತೂಕದ ಯಂತ್ರಗಳಿವೆ. ಡೆಮೊ ತೋರಿಸಿದ್ದು ನಾವು ತಂದ ಯಂತ್ರದಲ್ಲಿ, ನಿಮ್ಮವುಗಳಲ್ಲಿ ಇನ್ನೂ ನೋಡಿಲ್ಲ.

4. ಮಳೆಗಾಲದಲ್ಲಿ ಇಂಟರ್ನೆಟ್ ಇಲ್ಲದಾಗಲೂ ತೂಕ ಮತ್ತು ಪಟ್ಟಿ ನಡೆಯಬೇಕು. ಡೆಮೊದಲ್ಲಿ ಸಂಪರ್ಕ ತೆಗೆದು ತೋರಿಸಿದೆವು, ನಡೆಯಿತು.

5. ಪಟ್ಟಿ ಕನ್ನಡದಲ್ಲಿರಬೇಕು, ಮುಂಗಡದ ಕಡಿತ ಅದರಲ್ಲೇ ಕಾಣಬೇಕು. ಸದಸ್ಯರ ಹಳೆಯ ಹೆಸರುಪಟ್ಟಿ ನುಡಿ ಅಕ್ಷರದಲ್ಲಿದೆ, ಯೂನಿಕೋಡಿಗೆ ಬದಲಿಸಬೇಕು.

ಮುಂದಿನ ಕೆಲಸ

6. ಆಗಸ್ಟ್ 19: ಮೂರೂ ತೂಕದ ಯಂತ್ರಗಳನ್ನು ಅಂಗಳದಲ್ಲೇ ಪರೀಕ್ಷಿಸುವುದು. ನಮ್ಮ ತಂತ್ರಜ್ಞರು, ನಿಮ್ಮ ಕಡೆಯಿಂದ ಮೇಲ್ವಿಚಾರಕರು.

7. ಸೆಪ್ಟೆಂಬರ್ 2: ಸಾಲು 2ರ ವ್ಯವಸ್ಥೆ ಮಾಡಿ ಮೇಲ್ವಿಚಾರಕರಿಗೆ ತೋರಿಸುವುದು. ನಾವು.

8. ಆಗಸ್ಟ್ 20: ಹೆಸರುಪಟ್ಟಿಯಿಂದ 50 ಸದಸ್ಯರ ಮಾದರಿ ಕೊಡುವುದು. ಲೆಕ್ಕಪತ್ರ ಮುಖ್ಯಸ್ಥರು. ಬದಲಿಸಿದ ಪ್ರತಿ ಆಗಸ್ಟ್ 25ಕ್ಕೆ ನಮ್ಮಿಂದ.

9. ಆಗಸ್ಟ್ 23: ದರಪಟ್ಟಿ, ಲಕೋಟೆಯಲ್ಲಿ ಪ್ರತ್ಯೇಕವಾಗಿ. ನಾವು.

ತೀರ್ಮಾನದ ದಿನಗಳು

10. ಹೊಸ ಅಡಿಕೆಯ ಕೆಲಸ ಡಿಸೆಂಬರ್ 1ರಿಂದ ಹೊಸ ತಂತ್ರಾಂಶದಲ್ಲಿ ನಡೆಯಬೇಕು ಎಂಬುದು ಸಂಘದ ಇಚ್ಛೆ.

11. ಅದಕ್ಕೆ ಎರಡು ವಾರ ಹಳೆಯದೂ ಹೊಸದೂ ಜೊತೆಗೆ ನಡೆಯಬೇಕು (ನವೆಂಬರ್ 17ರಿಂದ 29), ಅದಕ್ಕೂ ಮೊದಲು ಮೂರು ವಾರ ಮಾಹಿತಿ ವರ್ಗಾವಣೆ (ಅಕ್ಟೋಬರ್ 27ರಿಂದ ನವೆಂಬರ್ 15). ಹಾಗಾಗಿ ಖರೀದಿ ಆದೇಶ ದೀಪಾವಳಿಗೆ ಮೊದಲು, ಅಕ್ಟೋಬರ್ 18ರೊಳಗೆ ಆಗಬೇಕು.

12. ಆಡಳಿತ ಮಂಡಳಿಯ ಸಭೆ ಸೆಪ್ಟೆಂಬರ್ 13. ಅಲ್ಲಿ ಆಗದಿದ್ದರೆ ಅಕ್ಟೋಬರ್ 11ರ ಸಭೆ ಕೊನೆಯದು. ಅದೂ ದಾಟಿದರೆ ಡಿಸೆಂಬರ್ 1 ಸಾಧ್ಯವಿಲ್ಲ, ಈ ಹಂಗಾಮು ಹಳೆಯ ಕ್ರಮದಲ್ಲೇ ಮುಗಿಸುವುದು ಒಳ್ಳೆಯದು.

ತಮ್ಮ ವಿಶ್ವಾಸಿ...

ಕೆಳಗೆ ಸಹಿ ಮತ್ತು ಫೋನ್ ಸಂಖ್ಯೆ. ಲಗತ್ತು ಏನೂ ಇಲ್ಲ. ಪ್ರತಿ ಲೆಕ್ಕಪತ್ರ ಮುಖ್ಯಸ್ಥರಿಗೆ ಮತ್ತು ಮೇಲ್ವಿಚಾರಕರಿಗೆ. ಡೆಮೊಗೆ ಬಂದಿದ್ದ ನಿರ್ದೇಶಕರಿಗೆ ನೇರ ಪ್ರತಿ ಕಳಿಸಿಲ್ಲ. ಅವರಿಗೆ ಏನು ಹೋಗಬೇಕು ಎನ್ನುವುದನ್ನು ತೀರ್ಮಾನಿಸಬೇಕಾದವರು ಮುಖ್ಯ ಕಾರ್ಯನಿರ್ವಾಹಕರು. ಅವರನ್ನು ದಾಟಿ ಮಂಡಳಿಗೆ ಬರೆದರೆ ಮುಂದೆ ಪ್ರತಿ ಕಾಗದವೂ ನಿಧಾನವಾಗುತ್ತದೆ.

ಯಾಕೆ ಹೀಗೆ

ಮೊದಲ ಸಾಲಿನ ಲೆಕ್ಕವನ್ನೇ ನೋಡಿ. ಹತ್ತು ಲಾಟಿಗೆ 6 ನಿಮಿಷವಾದರೆ 300ಕ್ಕೆ 180 ನಿಮಿಷ. ಒಬ್ಬರೇ ಕೂತರೆ 3.30ಕ್ಕೆ ಮೂರು ತಾಸು ಸೇರಿ 6.30, ಇಬ್ಬರಾದರೆ ಒಂದೂವರೆ ತಾಸು, ಸರಿಯಾಗಿ 5. ಅಂದರೆ ಸಂಘ ಕೇಳಿದ ಹೊತ್ತಿಗೆ ಒಂದು ನಿಮಿಷವೂ ಮಿಗುವುದಿಲ್ಲ. ಮಾರುವವರಿಗೆ "5ರೊಳಗೆ ಪಟ್ಟಿ" ಎಂದಷ್ಟೇ ಬರೆಯುವ ಆಸೆ ಆಗುತ್ತದೆ. ಬರೆದರೆ ಡಿಸೆಂಬರಿನಲ್ಲಿ ಒಬ್ಬ ನಿರ್ವಾಹಕರು ರಜೆ ಹಾಕಿದ ದಿನ ಸದಸ್ಯರು ಕೌಂಟರಿನ ಎದುರು ಆರೂವರೆಯ ತನಕ ನಿಂತಿರುತ್ತಾರೆ, ಆ ದಿನ ಹೊರಬರುವುದು ಈ ಇಮೇಲಿನ ಪ್ರಿಂಟೇ. ಇಬ್ಬರು ಬೇಕು ಎಂಬುದನ್ನು ಈಗಲೇ ಬರೆದರೆ ಅದು ಸಂಘದ ಸಿಬ್ಬಂದಿ ಯೋಜನೆಯ ಮಾತಾಗುತ್ತದೆ, ತಂತ್ರಾಂಶದ ಮೇಲಿನ ದೂರಾಗುವುದಿಲ್ಲ. ಅಗತ್ಯವನ್ನು ಈ ರೀತಿ ಬರೆಯಲು ಮೂರು ಸಂಗತಿ ಸಾಕು: ಈಗ ಹೇಗಿದೆ, ಎಷ್ಟಾಗಬೇಕು, ಡೆಮೊದಲ್ಲಿ ಎಷ್ಟು ಕಂಡಿತು. ಸಂಘದವರು ಬಳಸಿದ ಮಾತೇ ಇರಲಿ. ಅವರು ಪಟ್ಟಿ ಎನ್ನುವಾಗ ಇಮೇಲಿನಲ್ಲಿ ಇನ್‌ವಾಯ್ಸ್ ಎಂದರೆ ಮಂಡಳಿಯಲ್ಲಿ ಒಬ್ಬರಾದರೂ "ಇದು ಬೇರೆ ಏನೋ" ಅಂದುಕೊಳ್ಳುತ್ತಾರೆ.

ಸಾಲು 2ರಲ್ಲಿ "ಇಲ್ಲ" ಎಂದು ನೇರ ಬರೆದದ್ದಕ್ಕೆ ಕಂಪನಿಯ ಒಳಗೇ ವಿರೋಧ ಬರುವುದು ಸಹಜ. ಸಭೆಯ ಕಾಗದದಲ್ಲಿ ನಮ್ಮ ಕೊರತೆಯನ್ನು ನಾವೇ ಯಾಕೆ ಹಾಕಬೇಕು ಎಂದು. ಕಾರಣ ಸರಳ. ಸಂಘ ಮೂರು ಕಡೆಯಿಂದ ದರಪಟ್ಟಿ ತರಿಸುತ್ತದೆ, ತುಲನಾ ಪಟ್ಟಿ ಮಾಡುತ್ತದೆ. ಆ ತುಲನಾ ಪಟ್ಟಿಯ ಅಂಕಣಗಳನ್ನು ಯಾರೋ ಒಬ್ಬರು ಬರೆಯಬೇಕು, ಮತ್ತು ಲೆಕ್ಕಪತ್ರ ಮುಖ್ಯಸ್ಥರ ಕೈಯಲ್ಲಿ ಸಿದ್ಧವಾಗಿರುವುದು ಈ ಐದು ಸಾಲು. ಲಾಟ್ ಉಳಿಸುವ ವ್ಯವಸ್ಥೆ ಅದರಲ್ಲಿ ಇದ್ದರೆ ಉಳಿದ ಕಂಪನಿಗಳೂ ಅದಕ್ಕೆ ದರ ಹಾಕಬೇಕಾಗುತ್ತದೆ. ಇಲ್ಲದಿದ್ದರೆ ಅದನ್ನು ಬಿಟ್ಟು ಕಡಿಮೆ ದರ ಬರೆದವರು ಗೆಲ್ಲುತ್ತಾರೆ, ಸಂಘ ಹಂಗಾಮಿನ ನಡುವೆ ಸಿಕ್ಕಿಬೀಳುತ್ತದೆ. ಅದೇ ಕಾರಣಕ್ಕೆ ಹಣದ ಮಾತು ಇಮೇಲಿನಲ್ಲಿ ಇಲ್ಲ. ಈ ಇಮೇಲ್ ಊರೆಲ್ಲ ಸುತ್ತುತ್ತದೆ, ಸುತ್ತಲೂಬೇಕು. ದರ ಅದರ ಜೊತೆ ಸುತ್ತಬಾರದು.

ತೂಕದ ಯಂತ್ರದ ಸಾಲು ಚಿಕ್ಕದಾಗಿ ಕಾಣುತ್ತದೆ, ಆದರೆ ಇಂಥ ಕೆಲಸಗಳಲ್ಲಿ ಹೆಚ್ಚು ದಿನ ನುಂಗುವುದು ಅದೇ. ಎಲೆಕ್ಟ್ರಾನಿಕ್ ಯಂತ್ರದ ಹಿಂಬದಿಯಲ್ಲಿ ಸೀರಿಯಲ್ ಪೋರ್ಟ್ ಇದ್ದರೆ ತೂಕದ ಅಂಕಿ ತಂತಿಯಲ್ಲಿ ಕಂಪ್ಯೂಟರಿಗೆ ಬರುತ್ತದೆ. ಪೋರ್ಟ್ ಇದ್ದರೂ ಒಂದೊಂದು ಕಂಪನಿಯ ಯಂತ್ರ ಅಂಕಿಯನ್ನು ಒಂದೊಂದು ವಿನ್ಯಾಸದಲ್ಲಿ ಕಳಿಸುತ್ತದೆ, ವೇಗವೂ ಬೇರೆ ಬೇರೆ. ಹೊಂದಾಣಿಕೆ ತಪ್ಪಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ ಅಥವಾ ಗೊಂದಲದ ಚಿಹ್ನೆಗಳು ಬರುತ್ತವೆ. ಪೋರ್ಟೇ ಇಲ್ಲದ ಹಳೆಯ ಯಂತ್ರವಾದರೆ ಪೆಟ್ಟಿಗೆ ಬಿಚ್ಚಬೇಕು. ಬಿಚ್ಚಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಒಡೆಯುತ್ತದೆ, ಮತ್ತೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸುವ ತನಕ ಆ ಯಂತ್ರದಲ್ಲಿ ವ್ಯಾಪಾರದ ತೂಕ ಮಾಡುವ ಹಾಗಿಲ್ಲ. ಅದಕ್ಕೇ ಇಮೇಲಿನಲ್ಲಿ "ಯಂತ್ರ ಜೋಡಿಸುತ್ತೇವೆ" ಎಂದು ಬರೆಯದೆ "ನಿಮ್ಮವುಗಳಲ್ಲಿ ಇನ್ನೂ ನೋಡಿಲ್ಲ" ಎಂದು ಬರೆದದ್ದು. ಕಾಣದ್ದಕ್ಕೆ ಮಾತು ಕೊಡಬಾರದು, ನೋಡುವ ದಿನ ಮಾತ್ರ ಕೊಡಬೇಕು.

ನುಡಿ ಅಕ್ಷರದ ವಿಷಯ ಅಡಿಕೆ ಸಂಘಗಳ ಜೊತೆ ಕೆಲಸ ಮಾಡಿದವರಿಗೆ ಹೊಸತಲ್ಲ. ಹಳೆಯ ಕಡತದಲ್ಲಿ ಶಿರಸಿ ಎಂದು ಕಾಣುವುದು ಒಳಗೆ `²gÀ¹` ಆಗಿರುತ್ತದೆ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಪರಿವರ್ತಕ ಹಾಕಿದರೆ ಬಹುಪಾಲು ಸರಿಯಾಗುತ್ತದೆ, ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳಲ್ಲಿ ಎಡವುತ್ತದೆ. ಸದಸ್ಯರ ಹೆಸರು ತಪ್ಪಾಗಿ ಪಟ್ಟಿಯ ಮೇಲೆ ಮುದ್ರಣವಾದರೆ ಬ್ಯಾಂಕಿನ ತನಕ ತೊಂದರೆ. 50 ಹೆಸರುಗಳ ಮಾದರಿ ಕೇಳಿದ್ದು ಇದಕ್ಕಾಗಿ: ಎಷ್ಟು ಹೆಸರು ಕೈಯಲ್ಲಿ ತಿದ್ದಬೇಕು ಎಂದು ತಿಳಿದರೆ ಮೂರು ವಾರ ಸಾಕೋ ಇಲ್ಲವೋ ಗೊತ್ತಾಗುತ್ತದೆ. ಮಾದರಿಗೆ ಮೊದಲ 50 ಹೆಸರು ಕೊಡಬೇಡಿ, ಒತ್ತಕ್ಷರ ಇರುವವನ್ನು ಆರಿಸಿ ಕೊಡಿ ಎಂದು ಫೋನಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಅಂದಹಾಗೆ ಇದೇ ಎಚ್ಚರ ಇಮೇಲಿಗೂ ಬೇಕು. ನುಡಿಯ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿ ಇಮೇಲಿಗೆ ಅಂಟಿಸಿದರೆ ನಿರ್ದೇಶಕರ ಮೊಬೈಲಿನಲ್ಲಿ ಕಾಣುವುದು ಆ ಚಿಹ್ನೆಗಳ ಸಾಲೇ. ಯೂನಿಕೋಡಿನಲ್ಲೇ ಬರೆದು, ಕಳಿಸುವ ಮೊದಲು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಬೇಕು.

ಕೋಷ್ಟಕ ಹಾಕದೆ ಸಂಖ್ಯೆ ಹಾಕಿದ ಸಾಲುಗಳನ್ನೇ ಬಳಸಿದ್ದೂ ವಾಟ್ಸಾಪಿನ ಕಾರಣಕ್ಕೆ. ಕೋಷ್ಟಕವನ್ನು ನಕಲು ಮಾಡಿ ದಾಟಿಸಿದರೆ ಅಂಕಣಗಳು ಕಲಸಿಹೋಗುತ್ತವೆ, ದಿನಾಂಕ ಒಂದು ಕಡೆ ಕೆಲಸ ಇನ್ನೊಂದು ಕಡೆ. ಸಾಲಿನ ಸಂಖ್ಯೆ ಇದ್ದರೆ "7ಕ್ಕೆ ಅಡ್ಡಿಲ್ಲ, 12 ನೋಡ್ಬೇಕು" ಎಂದು ಒಂದೇ ವಾಕ್ಯದಲ್ಲಿ ಉತ್ತರ ಬರುತ್ತದೆ. ಹನ್ನೆರಡಕ್ಕೆ ನಿಲ್ಲಿಸಿದ್ದೂ ಹಾಗೆಯೇ, ಪ್ರಿಂಟ್ ತೆಗೆದರೆ ಒಂದೇ ಹಾಳೆ, ಹೆಚ್ಚೆಂದರೆ ಅದರ ಹಿಂಬದಿ.

ದಿನಗಳನ್ನು ಹಿಂದಿನಿಂದ ಎಣಿಸುವುದು

ಕೊನೆಯ ಮೂರು ಸಾಲುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕು. ಮಾರುವವರ ಕ್ಯಾಲೆಂಡರಿನಲ್ಲಿ ತಿಂಗಳ ಕೊನೆ ಮುಖ್ಯ, ಸಂಘದ ಕ್ಯಾಲೆಂಡರಿನಲ್ಲಿ ಅಡಿಕೆ ಮುಖ್ಯ. ಡಿಸೆಂಬರ್ ಹೊತ್ತಿಗೆ ಹೊಸ ಕೆಂಪಡಿಕೆ ಅಂಗಳಕ್ಕೆ ಬರುತ್ತಿರುತ್ತದೆ, ಚಾಲಿ ಒಣಗಿ ಸುಲಿದು ಬರುವುದು ಅದರ ಹಿಂದೆ. ಆಮೇಲೆ ಮಳೆ ಹಿಡಿಯುವ ತನಕ ಬಿಡುವಿಲ್ಲ. ಅದರ ನಡುವೆ 2026 ಮಾರಿಕಾಂಬಾ ಜಾತ್ರೆಯ ವರ್ಷ ಬೇರೆ. ಆ ಹೊತ್ತಿನಲ್ಲಿ ಶಿರಸಿಯ ಯಾವ ಕಚೇರಿಯಲ್ಲೂ ಹೊಸ ತಂತ್ರಾಂಶ ಕಲಿಸಲು ಜನ ಸಿಗುವುದಿಲ್ಲ. ಆದ್ದರಿಂದ ಎಣಿಕೆ ಡಿಸೆಂಬರ್ 1ರಿಂದ ಹಿಂದಕ್ಕೆ: ಜೊತೆ ನಡೆಸುವ ಎರಡು ವಾರ, ವರ್ಗಾವಣೆಯ ಮೂರು ವಾರ, ದೀಪಾವಳಿಯ ವಾರ, ಆದೇಶ, ಸಭೆ. ಈ ಎಣಿಕೆಯನ್ನು ಕಾರಣ ಸಮೇತ ಬರೆದರೆ ಅಕ್ಟೋಬರ್ 18 ಎಂಬುದು ಕಂಪನಿಯ ಒತ್ತಾಯದಂತೆ ಕೇಳುವುದಿಲ್ಲ. ಯಾರು ಬೇಕಾದರೂ ಬೆರಳು ಮಡಿಸಿ ಎಣಿಸಿ ನೋಡಬಹುದು.

ಮುಂದಿನ ಕೆಲಸಗಳ ದಿನ ಇಡುವಾಗಲೂ ಇದೇ ನೋಟ. ಆಗಸ್ಟ್ 27 ಚೌತಿ. ಆ ದಿನದ ಆಚೆ ಈಚೆ ಯಾವ ಕೆಲಸವನ್ನೂ ಸಂಘದವರ ಹೆಸರಿಗೆ ಹಾಕಿಲ್ಲ. 25ಕ್ಕೆ ಇರುವುದು ಕಂಪನಿಯ ಕೆಲಸ, ಮುಂದಿನದು ಸೆಪ್ಟೆಂಬರ್ 2, ಅದೂ ಕಂಪನಿಯದೇ. ಪ್ರತಿ ಕೆಲಸಕ್ಕೂ ಒಂದೇ ದಿನ, ಹೊಣೆ ಯಾರದೆಂಬುದು ಸ್ಪಷ್ಟ. "ಎರಡೂ ಕಡೆಯವರು ಚರ್ಚಿಸಿ" ಎಂದು ಬರೆದ ಕೆಲಸವನ್ನು ಯಾವ ಕಡೆಯವರೂ ಮಾಡುವುದಿಲ್ಲ.

ಸಾಲು 12ರ ಕೊನೆಯ ವಾಕ್ಯ ಮಾರುವವರ ಕೈಯಲ್ಲಿ ಸುಲಭಕ್ಕೆ ಬರೆಯಲು ಬರುವುದಿಲ್ಲ. ಈ ಹಂಗಾಮು ಬಿಡಿ ಎಂದು ತಾವೇ ಹೇಳಿದಂತಾಯಿತು. ಆದರೆ ನವೆಂಬರಿನಲ್ಲಿ ಆದೇಶ ಪಡೆದು, ಜೊತೆ ನಡೆಸುವ ಎರಡು ವಾರವನ್ನು ಕತ್ತರಿಸಿ, ಡಿಸೆಂಬರಿನಲ್ಲಿ 300 ಲಾಟಿನ ದಿನ ಪಟ್ಟಿ ನಿಂತುಹೋದರೆ ಸಂಘವೂ ಹೋಯಿತು, ಪಕ್ಕದ ತಾಲೂಕಿನ ಸಂಘಗಳೂ ಹೋದವು. ಸಿದ್ದಾಪುರ, ಯಲ್ಲಾಪುರಕ್ಕೆ ಸುದ್ದಿ ತಲುಪಲು ಒಂದು ಟೆಂಡರ್ ದಿನ ಸಾಕು.

ಉತ್ತರ ಬಂದ ಮೇಲೆ

ಗುರುವಾರ ಸಂಜೆ ಮುಖ್ಯ ಕಾರ್ಯನಿರ್ವಾಹಕರಿಂದ ಮೂರು ಸಾಲಿನ ಉತ್ತರ ಬಂತು. ಎರಡು ತಿದ್ದುಪಡಿ. ಸಾಲು 2ರಲ್ಲಿ, ಉಳಿದ ಲಾಟ್ ಹದಿನೈದು ದಿನ ದಾಟಿದರೆ ಮತ್ತೆ ತೂಕ ಮಾಡಬೇಕು, ಅಡಿಕೆ ಒಣಗಿ ತೂಕ ಇಳಿಯುತ್ತದೆ. ಹೀಗೆಂದು ಮೇಲ್ವಿಚಾರಕರು ಹೇಳಿದ್ದಾರಂತೆ. ಸಾಲು 12ರಲ್ಲಿ, ಮಂಡಳಿಗೆ ಮೊದಲು ಖರೀದಿ ಉಪಸಮಿತಿಯ ಮುಂದೆ ವಿಷಯ ಹೋಗಬೇಕು, ಆ ಸಭೆ ಸೆಪ್ಟೆಂಬರ್ 11, ಕಾಗದ 8ಕ್ಕೆ ಸಿಗಬೇಕು.

ಎರಡೂ ಡೆಮೊದ ಕೋಣೆಯಲ್ಲಿ ಬಾರದ ಸಂಗತಿಗಳು. ಬರೆದದ್ದನ್ನು ಕಂಡ ಮೇಲೆ ಹೊಳೆದವು. ಮೊದಲನೆಯದಂತೂ ತಂತ್ರಾಂಶದ ಕೆಲಸವನ್ನೇ ಬದಲಿಸುತ್ತದೆ. ಒಂದು ಲಾಟಿಗೆ ಒಂದೇ ತೂಕ ಎಂದು ನಂಬಿ ಕಟ್ಟಿದ್ದರೆ, ಈಗ ಒಂದು ಲಾಟಿಗೆ ಎರಡು ತೂಕ, ಎರಡು ದಿನಾಂಕ ಇಡಲು ಜಾಗ ಬೇಕು, ಪಟ್ಟಿಯಲ್ಲಿ ಯಾವುದನ್ನು ಹಿಡಿಯಬೇಕು ಎಂಬ ನಿಯಮವೂ ಬೇಕು. ಇದು ಅಕ್ಟೋಬರಿನಲ್ಲಿ ತಿಳಿದಿದ್ದರೆ ವರ್ಗಾವಣೆಯ ಮೂರು ವಾರದಲ್ಲಿ ಒಂದು ವಾರ ಇದಕ್ಕೇ ಹೋಗುತ್ತಿತ್ತು.

ಇಲ್ಲಿ ಒಂದು ಸಣ್ಣ ಶಿಸ್ತು ಬೇಕು. ತಿದ್ದಿದ ಇಮೇಲನ್ನು ಹೊಸದಾಗಿ, ಹೊಸ ವಿಷಯ ಸಾಲಿನಲ್ಲಿ ಪೂರ್ತಿ ಕಳಿಸಿದರೆ ಎರಡು ಪ್ರತಿಗಳು ಓಡಾಡತೊಡಗುತ್ತವೆ, ಸಭೆಯ ಕಡತಕ್ಕೆ ಹಳೆಯದು ಹೋಗುತ್ತದೆ. ಅದೇ ಇಮೇಲಿಗೆ ಉತ್ತರವಾಗಿ, ಮೇಲೆ "ಆಗಸ್ಟ್ 14ರ ತಿದ್ದುಪಡಿ" ಎಂದು ಬರೆದು ಬದಲಾದ ಸಾಲು 2, 7, 12 ಮಾತ್ರ ಕೊಟ್ಟು, ಕೆಳಗೆ ಪೂರ್ತಿ ಹನ್ನೆರಡು ಸಾಲನ್ನು ತಿದ್ದಿದ ರೂಪದಲ್ಲಿ ಇಡಬೇಕು. ಕಡತಕ್ಕೆ ಈ ಪ್ರತಿ ಹಾಕಿ ಎಂದು ಫೋನಿನಲ್ಲಿ ಒಂದು ಮಾತು ಹೇಳಿದರೆ ಆಯಿತು. 18ರೊಳಗೆ ಉತ್ತರವೇ ಬಾರದಿದ್ದರೂ ಫೋನೇ ಸರಿ. ಟೆಂಡರಿನ ಗಡಿಬಿಡಿ ಶುರುವಾಗುವ ಮೊದಲು, ಕೇಳುವುದು ಒಂದೇ ಪ್ರಶ್ನೆ: "ನಾಳೆ ಯಂತ್ರ ನೋಡ್ಲಿಕ್ಕೆ ಜನ ಬರ್ತಾರೆ, ಮೇಲ್ವಿಚಾರಕರು ಇರ್ತಾರಲ್ಲ?" ಇಮೇಲ್ ನೋಡಿದಿರಾ ಎಂದು ಕೇಳಿದರೆ ನೋಡಿದೆ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಆಗಸ್ಟ್ 19ರ ಪರೀಕ್ಷೆಯಲ್ಲಿ ಎರಡು ಯಂತ್ರ ಸರಿಯಾಗಿ ಅಂಕಿ ಕೊಟ್ಟವು, ಮೂರನೆಯದಕ್ಕೆ ಪೋರ್ಟ್ ಇರಲಿಲ್ಲ. ಅದೇ ದಿನ ಅದೇ ಇಮೇಲಿನ ಸರಣಿಯಲ್ಲಿ ಸಾಲು 3ಕ್ಕೆ ಸೇರಿಸಿದ್ದು: "ಯಂತ್ರ 1, 2 ನೇರ ಜೋಡಣೆ. ಯಂತ್ರ 3ಕ್ಕೆ ಪೋರ್ಟ್ ಇಲ್ಲ. ಹೊಸ ಯಂತ್ರ ಕೊಳ್ಳುವುದು ಅಥವಾ ಅದರ ತೂಕವನ್ನು ಕೈಯಲ್ಲಿ ನಮೂದಿಸುವುದು, ತೀರ್ಮಾನ ಸಂಘದ್ದು. ಯಾವುದಾದರೂ ಡಿಸೆಂಬರ್ 1ಕ್ಕೆ ಅಡ್ಡಿಯಿಲ್ಲ."

ಸೆಪ್ಟೆಂಬರ್ 13ರ ಸಭೆಯಲ್ಲಿ ವಿಷಯ ಬಂತು, ತೀರ್ಮಾನ ಆಗಲಿಲ್ಲ. ಮೂರು ದರಪಟ್ಟಿ ಬೇಕಿದ್ದಲ್ಲಿ ಎರಡೇ ಬಂದಿದ್ದವು. ಇಂಥ ಹೊತ್ತಿಗೆ ಮಾರುವವರಿಂದ ರಿಯಾಯಿತಿಯ ಮಾತು, ತಿಂಗಳ ಕೊನೆಯ ಒತ್ತಾಯ ಶುರುವಾಗುವುದು ರೂಢಿ. ಈ ಪ್ರಕರಣದಲ್ಲಿ ಅದರ ಅಗತ್ಯ ಬೀಳಲಿಲ್ಲ, ಎರಡನೆಯ ದಿನಾಂಕ ಮೊದಲೇ ಕಾಗದದಲ್ಲಿತ್ತು. ಸೋಮವಾರ, 15ರಂದು ಹೋದದ್ದು ಎರಡೇ ವಾಕ್ಯ: ಸಾಲು 12ರಂತೆ ಅಕ್ಟೋಬರ್ 11ರ ಸಭೆ ಈಗ ಕೊನೆಯದು, ಸಾಲು 1ರಿಂದ 5ನ್ನು ಮೂರನೆಯ ದರಪಟ್ಟಿ ಕೇಳಲು ಸಂಘ ಬಳಸಿಕೊಳ್ಳಬಹುದು.

ಅಕ್ಟೋಬರ್ 11ಕ್ಕೆ ಠರಾವಾಯಿತು, 17ಕ್ಕೆ ಆದೇಶ ಕೈಗೆ ಬಂತು. ಠರಾವಿನಲ್ಲಿ ಮೂರನೆಯ ಯಂತ್ರ ಕೊಳ್ಳುವ ಮಾತನ್ನು ಮುಂದಿನ ವರ್ಷಕ್ಕೆ ಇಟ್ಟರು. ಹಾಗಾಗಿ ಆ ಯಂತ್ರದ ತೂಕ ಕೈಯಲ್ಲೇ ನಮೂದಾಗುತ್ತದೆ, ಅಂಥ ಲಾಟಿನ ಮುಂದೆ ಪಟ್ಟಿಯ ದಾಖಲೆಯಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಸಂಜೆ ಲೆಕ್ಕಪತ್ರದವರು ಗುರುತಿರುವ ಲಾಟುಗಳನ್ನು ಮಾತ್ರ ತೂಕದ ಪುಸ್ತಕದ ಜೊತೆ ತಾಳೆ ನೋಡುತ್ತಾರೆ.